ಎರಡು ಬಾರಿ ತಲುಪಿದ ಪತ್ರ

ಗಣಕವು ಹಿನ್ನೆಲೆಯಲ್ಲಿ ಕಳುಹಿಸುವ ಇನ್‌ವಾಯ್ಸು ಗ್ರಾಹಕನಿಗೆ ಎರಡು ಬಾರಿ ತಲುಪುವ ದೋಷವು ಹಳೆಯದು. 1982ರಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ ಎಸ್‌ಎಂಟಿಪಿ ನಿಯಮದಂತೆ, ಕಳುಹಿಸುವ ಯಂತ್ರವು ಪತ್ರದ ಕೊನೆಯ ಸಾಲಿನಲ್ಲಿ ಬಿಂದುವೊಂದನ್ನೇ ಇಟ್ಟು, 250 ಎಂಬ ಸ್ವೀಕೃತಿಗಾಗಿ ಕಾಯಬೇಕು. ಇಲ್ಲಿರುವ ಬಿರುಕನ್ನು 1988ರಲ್ಲಿ ಕ್ರೇಗ್ ಪಾರ್ಟ್ರಿಜ್ ವಿವರಿಸಿದರು. ಸ್ವೀಕೃತಿ ತಡವಾದರೆ ಕಳುಹಿಸುವ ಯಂತ್ರವು ಬೇಸತ್ತು ಸಂಪರ್ಕ ಕಡಿದು, ಮತ್ತೆ ಕಳುಹಿಸುತ್ತದೆ. ಪತ್ರವಾದರೋ ಆಗಲೇ ತಲುಪಿರುತ್ತದೆ. ಮೊದಲು ಉತ್ತರಿಸಿ, ವಿಲೇವಾರಿಯನ್ನು ಆಮೇಲೆ ಮಾಡಬೇಕೆಂಬುದು ಅವರ ಸಲಹೆ. 1989ರ ನಿಯಮವು ಈ ಉತ್ತರಕ್ಕೆ 10 ನಿಮಿಷಗಳ ಕಾಲಾವಕಾಶವನ್ನು ಸೂಚಿಸಿತು.

ಇಂದು ಇನ್‌ವಾಯ್ಸಿನ ಸಂಖ್ಯೆಯನ್ನೇ ಕೀಲಿಯಾಗಿಸಿ, ‘ಕಳುಹಿಸಲಾಗಿದೆ’ ಎಂದು ದಾಖಲಾದುದನ್ನು ಮರುಯತ್ನದಿಂದ ಹೊರಗಿಡುತ್ತಾರೆ. ಆದರೆ 250 ಬಂದ ಮೇಲೆ, ದಾಖಲೆಗೆ ಮುನ್ನವೇ ಯಂತ್ರ ನಿಂತರೆ ಹಳೆಯ ಬಿರುಕೇ ಮರಳಿ ಬಾಯಿ ತೆರೆಯುತ್ತದೆ. ‘ಕಳುಹಿಸಲಾಗುತ್ತಿದೆ’ ಎಂದೇ ಉಳಿದ ಇನ್‌ವಾಯ್ಸನ್ನು ತಾನಾಗಿ ಮತ್ತೆ ಕಳುಹಿಸದೆ, ಅಂಚೆಯಂತ್ರದ ದಿನಚರಿಯೊಡನೆ ಹೋಲಿಸುವುದೇ ಲೇಸೆಂದು ನನ್ನ ಮತ.