ಲೆಕ್ಕ ಸರಿ, ಹೆಸರು ತಪ್ಪು

ಯುಎಇಯಲ್ಲಿ ಶುಕ್ರವಾರ ವಾರದ ರಜೆಯಿದ್ದ ದಿನಗಳು, ಅಂದರೆ 2022ಕ್ಕೆ ಮೊದಲಿನ ಮಾತು. ಅಲ್ ಐನ್‌ನ ಹಿಲಿ ಉದ್ಯಾನದಲ್ಲಿರುವ, 4,000 ವರ್ಷ ಹಳೆಯ ಕಲ್ಲಿನ ಗೋರಿಯನ್ನು ನೋಡಲು ದುಬೈಯಿಂದ ನಮ್ಮ ಸಂಘದ ಎರಡು ಬಸ್ಸು ಹೊರಟಿದ್ದವು. ಒಂದೊಂದರಲ್ಲೂ 50 ಸೀಟು, 47 ಜನ.

ಹತ್ತುವ ಜಾಗ ಮೂರು: ದೇರಾ, ಕರಾಮಾ, ಅಲ್ ಕೂಜ್. ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಬರೆಯದೆ ಜಾಗದ ಪ್ರಕಾರ ಬರೆದಿದ್ದೆವು. ಕರಾಮಾದಲ್ಲಿ ಯಾರು ಬಂದಿಲ್ಲವೆಂದು ಅಲ್ಲೇ ತಿಳಿಯುತ್ತಿತ್ತು. ಹೆಸರಿನ ಎದುರು ಸೀಟಿನ ನಂಬರು. ಪ್ರಯಾಣದಲ್ಲಿ ವಾಂತಿಯಾಗುವವರಿಗೆ ಮುಂದಿನ ಸೀಟು.

ಮರಳುವಾಗ ಒಂದನೇ ಬಸ್ಸಿನಲ್ಲಿ ತಲೆ ಎಣಿಸಿದೆ: 47. ಹೊರಡಿ ಎನ್ನುವಷ್ಟರಲ್ಲಿ ಹಿರಿಯರೊಬ್ಬರು, "ಹೆಸರು ಕೂಗಪ್ಪಾ, ತಲೆ ಎಣಿಸಿದರೆ ಸಾಲದು" ಎಂದರು. ಕೂಗಿದೆ. 31ನೇ ಸೀಟಿನ ಹೆಸರಿಗೆ ಉತ್ತರವಿಲ್ಲ. ಅಲ್ಲಿ ಕುಳಿತಿದ್ದವನು ಗೆಳೆಯನೊಡನೆ ಹರಟಲು ಎರಡನೇ ಬಸ್ಸಿನಿಂದ ಬಂದವನು! ಆ ಬಸ್ಸಿನವರು 46 ಎಣಿಸಿ ಅವನನ್ನೇ ಹುಡುಕುತ್ತಿದ್ದರು. ನಮ್ಮವನು ಊರಿನಿಂದ ಬಂದು ತಿಂಗಳಾಗಿದ್ದ ಹುಡುಗ; ಕೈಯಲ್ಲಿ ಫೋನೂ ಇಲ್ಲ. ಶೌಚಾಲಯದಿಂದ ಬಂದು, ಬೇರೆ ಗೇಟಿನ ಬಳಿ ಬಿಸಿಲಲ್ಲಿ ನಿಂತಿದ್ದ.

ಅಂದಿನಿಂದ ಪ್ರತಿ ನಿಲುಗಡೆಯಲ್ಲೂ ಸೀಟಿನ ಕ್ರಮದಲ್ಲಿ ಹೆಸರು ಕೂಗುತ್ತೇವೆ. ಉತ್ತರವನ್ನು ಅವರವರೇ ಕೊಡಬೇಕು, ಪಕ್ಕದವರಲ್ಲ. ಬಸ್ಸು ಬದಲಿಸಿದರೆ ಎರಡೂ ಪಟ್ಟಿಯಲ್ಲಿ ಬರೆಸಬೇಕು. ಎಲ್ಲರೂ ಇಳಿದ ಮೇಲೆ ಒಬ್ಬರು ಕೊನೆಯ ಸೀಟಿನವರೆಗೆ ನಡೆದು, ಮಲಗಿದ ಮಕ್ಕಳಿದ್ದಾರೆಯೇ ಎಂದು ನೋಡಬೇಕು. ಪಟ್ಟಿ ಈಗ ವಾಟ್ಸಾಪ್‌ನಲ್ಲಿದೆ. ಕೂಗುವುದು ಮಾತ್ರ ನಿಂತಿಲ್ಲ.