ಸಾಲದಾತರ ಸಹನೆ ಸಾಕ್ಷ್ಯವಾಗಬಲ್ಲುದೆ? ಕಿಂಗ್‌ಫಿಷರ್ ಏರ್‌ಲೈನ್ಸ್‌ನ 2010-11ರ ಲೆಕ್ಕಪತ್ರಗಳನ್ನು ಕುರಿತು

ವರ್ಷವರ್ಷವೂ ನಷ್ಟವನ್ನೇ ಕಂಡು, ಸಾಲದ ಷರತ್ತುಗಳನ್ನು ಪಾಲಿಸಲಾರದೆ ಹೋದ ಕಂಪನಿಯೊಂದು, ಮುಂದಿನ ಹನ್ನೆರಡು ತಿಂಗಳಾದರೂ ತನ್ನ ವ್ಯವಹಾರವು ನಡೆಯುವುದೆಂಬ ಗೃಹೀತದ ಮೇಲೆಯೇ ಆಸ್ತಿಪಾಸ್ತಿಯ ತಖ್ತೆಯನ್ನು ಸಿದ್ಧಪಡಿಸಿದಾಗ, ಆ ಗೃಹೀತದ ಮೊದಲ ಹೊಣೆ ಆಡಳಿತ ಮಂಡಳಿಯದೆಂಬುದರಲ್ಲಿಯೂ, ಮಂಡಳಿಯು ಮಾಡಿದ ನಿರ್ಣಯವನ್ನು ಪರೀಕ್ಷಿಸುವುದು ಮಾತ್ರವೇ ಲೆಕ್ಕಪರಿಶೋಧಕನ ಕರ್ತವ್ಯವೆಂಬುದರಲ್ಲಿಯೂ ಈಗ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. 2009ರ ಏಪ್ರಿಲ್ 1ರಿಂದ ಆರಂಭವಾದ ಲೆಕ್ಕವರ್ಷಗಳಿಗೆ ಅನ್ವಯಿಸಿದ ಲೆಕ್ಕಪರಿಶೋಧನಾ ಮಾನದಂಡ 570 ಇದನ್ನೇ ವಿಧಿಸುತ್ತದೆ. ಭಿನ್ನಾಭಿಪ್ರಾಯವಿರುವುದು ಒಂದೇ ಒಂದು ವಿಷಯದಲ್ಲಿ: ಷರತ್ತು ಮುರಿದ ಮೇಲೂ ಬ್ಯಾಂಕು ಸುಮ್ಮನಿದ್ದರೆ, ಅಥವಾ ಸಾಲದ ಕಂತುಗಳನ್ನು ಮರುಹೊಂದಿಸಿಕೊಟ್ಟರೆ, ಆ ಸಹನೆಯನ್ನು ಕಂಪನಿಯ ಬಾಳ್ವೆಗೆ ಸಾಕ್ಷ್ಯವೆಂದು ಸ್ವೀಕರಿಸಬಹುದೆ?

ಸ್ವೀಕರಿಸಬಹುದೆಂಬವರ ವಾದ ಸರಳವಾದುದು. ಒಳಗಿನ ಲೆಕ್ಕಾಚಾರವನ್ನೆಲ್ಲ ಕಂಡು, ತನ್ನದೇ ಹಣವನ್ನು ಪಣಕ್ಕೊಡ್ಡಿರುವ ಸಾಲದಾತನೇ ನಂಬಿದ ಮೇಲೆ, ಹೊರಗಿನವನಾದ ಲೆಕ್ಕಪರಿಶೋಧಕನು ನಂಬದಿರುವುದಕ್ಕೆ ಕಾರಣವೆಲ್ಲಿಯದು ಎಂದು ಅವರು ಕೇಳುತ್ತಾರೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಪ್ರಸಂಗವು ಈ ವಾದಕ್ಕೆ ಅನುಕೂಲವಾಗಿರುವಂತೆ ಮೇಲ್ನೋಟಕ್ಕೆ ತೋರುತ್ತದೆಯಾದುದರಿಂದ ಅದನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ.

2005ರ ಮೇ ತಿಂಗಳಲ್ಲಿ ಹಾರಾಟವನ್ನಾರಂಭಿಸಿದ ಈ ಸಂಸ್ಥೆ ಲಾಭವನ್ನು ಎಂದೂ ಕಾಣಲಿಲ್ಲ. 2008-09ರಲ್ಲಿ ಸುಮಾರು 1,609 ಕೋಟಿ, 2009-10ರಲ್ಲಿ ಸುಮಾರು 1,647 ಕೋಟಿ, 2010-11ರಲ್ಲಿ ಸುಮಾರು 1,027 ಕೋಟಿ ರೂಪಾಯಿಗಳ ನಷ್ಟ. ಮೂಲ ಒಪ್ಪಂದದಂತೆ ಸಾಲವನ್ನು ತೀರಿಸುವುದು ಅಸಾಧ್ಯವಾದಾಗ, ಬ್ಯಾಂಕುಗಳ ಒಕ್ಕೂಟವು ಸಾಲವನ್ನು ಮರುರಚಿಸಲೊಪ್ಪಿ, 2011ರ ಮಾರ್ಚ್ ಅಂತ್ಯದಲ್ಲಿ ಸುಮಾರು 750 ಕೋಟಿ ರೂಪಾಯಿಗಳನ್ನು ಷೇರುಗಳಾಗಿ ಪರಿವರ್ತಿಸಿಕೊಂಡಿತು. ಪರಿವರ್ತನೆಯ ಬೆಲೆ ಷೇರೊಂದಕ್ಕೆ 64 ರೂಪಾಯಿ 48 ಪೈಸೆ. ಅಂದಿನ ಪೇಟೆಯ ಬೆಲೆಗಿಂತ ಶೇಕಡಾ 60ಕ್ಕೂ ಮಿಗಿಲು. ಆ ವರ್ಷದ ಲೆಕ್ಕಪರಿಶೋಧಕರು, ಸಂಸ್ಥೆಯ ನಿವ್ವಳ ಸಂಪತ್ತು ಸಂಪೂರ್ಣವಾಗಿ ಕರಗಿಹೋಗಿದೆಯೆಂದೂ, ಮುಂದುವರಿಕೆಯ ಗೃಹೀತವು ಅಗತ್ಯವಾದ ಹಣವನ್ನು ತರುವ ಶಕ್ತಿಯನ್ನು ಅವಲಂಬಿಸಿದೆಯೆಂದೂ ಓದುಗರ ಗಮನವನ್ನು ಸೆಳೆದರು. ಆದರೆ ಆ ಅಂಶದಲ್ಲಿ ತಮ್ಮ ಅಭಿಪ್ರಾಯಕ್ಕೆ ಷರತ್ತು ಹಾಕಲಿಲ್ಲ.

ಪೇಟೆಗಿಂತ ಹೆಚ್ಚು ಬೆಲೆ ಕೊಟ್ಟು ಷೇರು ಕೊಂಡವನು ಕಂಪನಿಯನ್ನು ನಂಬಿದ್ದಾನೆಂಬ ಅನುಮಾನವು ಸಹಜವಾದುದು. ಆದರೆ ಈ ಪರಿವರ್ತನೆಯಲ್ಲಿ ಕೈ ಬದಲಾದುದೇನು ಎಂಬುದನ್ನು ನೋಡಬೇಕು. ಒಂದು ರೂಪಾಯಿಯ ಹೊಸ ನಗದೂ ಅದರಿಂದ ಸಂಸ್ಥೆಯೊಳಕ್ಕೆ ಬರಲಿಲ್ಲ. ಸಾಲದ ಕಲಮಿನಲ್ಲಿದ್ದ ಮೊತ್ತವು ಬಂಡವಾಳದ ಕಲಮಿಗೆ ಹೋಯಿತು, ಅಷ್ಟೆ. ಬಡ್ಡಿಯ ಹೊರೆ ಕೊಂಚ ತಗ್ಗಿತೆಂಬುದು ನಿಜ. ಆದರೆ ವಿಮಾನವನ್ನು ಹಾರಿಸುವುದು ಇಂಧನ, ಬಾಡಿಗೆ, ಸಂಬಳ. ಇವುಗಳಿಗೆ ಬೇಕಾದುದು ನಗದು. ಇನ್ನು ಬೆಲೆಯ ಮಾತು. ವಸೂಲಾಗದ ಸಾಲವನ್ನು ಅಂದೇ ನಷ್ಟವೆಂದು ಬರೆದುಹಾಕುವುದಕ್ಕಿಂತ, ಏರಿಸಿದ ಬೆಲೆಗೆ ಷೇರೆಂದು ಬರೆದಿಟ್ಟುಕೊಳ್ಳುವುದು ಬ್ಯಾಂಕಿನ ತಖ್ತೆಗೂ ಹಿತಕರವೇ. ಸಾಲದಾತನ ಸಹನೆಗೆ ನಂಬಿಕೆಯೊಂದೇ ಕಾರಣವಾಗಿರಬೇಕಿಲ್ಲ. ನಷ್ಟವನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲದುದೂ ಕಾರಣವಾಗಿರಬಹುದು. ಎರಡು ಕಾರಣಗಳಿಂದಲೂ ಹುಟ್ಟಬಹುದಾದ ವರ್ತನೆಯು ಅವೆರಡರಲ್ಲಿ ಒಂದಕ್ಕೆ ಮಾತ್ರ ಪುರಾವೆಯಾಗಲಾರದು.

ಹೆಚ್ಚು ಮಹತ್ವದ ಸುಳಿವು ಅದೇ ವರದಿಯ ಇನ್ನೊಂದು ಕಡೆ ಇದೆ. ಸಂಸ್ಥೆಯು ತನ್ನ ಸಂಚಿತ ನಷ್ಟದ ಆಧಾರದ ಮೇಲೆ ಸಾವಿರಾರು ಕೋಟಿ ರೂಪಾಯಿಗಳ ಮುಂದೂಡಿದ ತೆರಿಗೆಯನ್ನು ಆಸ್ತಿಯೆಂದು ತೋರಿಸಿತ್ತು. ಅಂದಿನ ಲೆಕ್ಕಪತ್ರ ಮಾನದಂಡ 22ರ ಪ್ರಕಾರ, ಮುಂದೆ ಸಾಕಷ್ಟು ಲಾಭ ಬಂದೇ ಬರುವುದೆಂಬುದು ಬಹುತೇಕ ಖಚಿತವಾಗಿದ್ದು, ಅದಕ್ಕೆ ಮನಗಾಣಿಸುವಂಥ ಪುರಾವೆಯಿದ್ದರೆ ಮಾತ್ರ ಹಾಗೆ ತೋರಿಸಬಹುದು. ಈ ವಿಷಯದಲ್ಲಿ ತಾವು ಅಭಿಪ್ರಾಯ ಹೇಳಲು ಅಸಮರ್ಥರೆಂದು ಲೆಕ್ಕಪರಿಶೋಧಕರು ಬರೆದರು. ಆಡಳಿತದ ಒಂದೇ ಭವಿಷ್ಯಾಂದಾಜು ತೆರಿಗೆಯ ಆಸ್ತಿಗೂ ಮುಂದುವರಿಕೆಯ ಗೃಹೀತಕ್ಕೂ ತಳಹದಿಯಾಗಿದ್ದ ಪಕ್ಷದಲ್ಲಿ, ಒಂದರಲ್ಲಿ ಸಾಲದೆಂದು ಕಂಡ ಪುರಾವೆಯು ಇನ್ನೊಂದರಲ್ಲಿ ಹೇಗೆ ಸಾಕಾಯಿತೆಂಬ ಪ್ರಶ್ನೆಯನ್ನು ಎತ್ತಲೇಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ಈ ಮಾತಿಗೆ ಮೇರೆಗಳುಂಟು. ಎರಡು ಪ್ರಶ್ನೆಗಳ ಮಾನದಂಡಗಳು ಸಮವಲ್ಲ: ತೆರಿಗೆಯ ಆಸ್ತಿಗೆ ಬಹು ವರ್ಷಗಳ ಲಾಭ ಬೇಕು, ಮುಂದುವರಿಕೆಗೆ ಹನ್ನೆರಡು ತಿಂಗಳು ಉಸಿರಾಡಿದರೆ ಸಾಕು. ನಷ್ಟದಲ್ಲಿಯೇ ಒಂದು ವರ್ಷ ಬದುಕುವ ಕಂಪನಿಗಳು ಎಷ್ಟೋ. ಆದುದರಿಂದ ವರದಿಯೊಳಗೆ ತಾರ್ಕಿಕ ವಿರೋಧವಿದೆಯೆಂದು ನಾನು ಹೇಳುತ್ತಿಲ್ಲ. ಎರಡು ಅಂದಾಜುಗಳೂ ಒಂದೇ ಆಗಿದ್ದುವೆಂಬುದು ಕೂಡ ಊಹೆ. ತನಿಖೆಯನ್ನು ಅಲ್ಲಿಂದ ಆರಂಭಿಸಬೇಕಾಗಿತ್ತೆಂಬುದಷ್ಟೇ ನನ್ನ ವಾದ.

ಆ ತನಿಖೆ ಹೇಗಿರಬೇಕೆಂಬುದನ್ನು ಕಾಣಲು ದೊಡ್ಡ ಸಂಸ್ಥೆಗಿಂತ ಸಣ್ಣ ಲೆಕ್ಕವೇ ಅನುಕೂಲ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ ಮೆಕ್ಕೆಜೋಳವನ್ನು ಸಂಸ್ಕರಿಸುವ ಕಂಪನಿಯೊಂದನ್ನು ಕಲ್ಪಿಸಿಕೊಳ್ಳೋಣ. ಬಡ್ಡಿಯೂ ಕಂತೂ ಕೂಡಿ ವರ್ಷಕ್ಕೆ 100 ಲಕ್ಷ ರೂಪಾಯಿ ತೆರಬೇಕು. ಬಡ್ಡಿಗೂ ಸವಕಳಿಗೂ ಮುಂಚಿನ ಗಳಿಕೆಯು ಅದರ 1.25 ಪಟ್ಟು ಇರತಕ್ಕದ್ದೆಂಬುದು ಬ್ಯಾಂಕಿನ ಷರತ್ತು. ಮಾರ್ಚ್ 31ರಂದು ಗಳಿಕೆ 80 ಲಕ್ಷವಷ್ಟೇ ಆಗಿ ಷರತ್ತು ಮುರಿಯಿತು. ಮೇ ತಿಂಗಳಲ್ಲಿ ಬ್ಯಾಂಕು ವಿನಾಯಿತಿಯ ಪತ್ರ ಕೊಟ್ಟಿತು. ಮುಂದಿನ ವರ್ಷ 130 ಲಕ್ಷ ಗಳಿಸುವೆವೆಂದು ಆಡಳಿತವು ಅಂದಾಜು ಪಟ್ಟಿಯನ್ನು ಮುಂದಿಟ್ಟಿತು. ಷರತ್ತಿಗಿಂತ 5 ಲಕ್ಷ ಮಿಗಿಲು, ಎಲ್ಲವೂ ಸರಿಯಾದಂತೆಯೇ.

ಪತ್ರವನ್ನು ಪೂರ್ತಿಯಾಗಿ ಓದಿದಾಗ ವಿನಾಯಿತಿಯು ಮಾರ್ಚ್ 31ರ ಉಲ್ಲಂಘನೆಗೆ ಮಾತ್ರವೆಂದೂ, ಮತ್ತೊಂದು ಪರೀಕ್ಷೆ ಸೆಪ್ಟೆಂಬರ್ 30ರಂದೇ ಇದೆಯೆಂದೂ ತಿಳಿಯುತ್ತದೆ. ಹಿಂದಿನ ಮೂರು ವರ್ಷಗಳ ಅಂದಾಜುಗಳನ್ನು ಆಯಾ ವರ್ಷಗಳ ನಿಜವಾದ ಗಳಿಕೆಯೊಡನೆ ಹೋಲಿಸಿ ನೋಡಿದರೆ, ಆಡಳಿತವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಮಾತ್ರ ಕೈಗೂಡಿದೆಯೆನ್ನೋಣ. 130ರ ಮುಕ್ಕಾಲು 97.5 ಲಕ್ಷ. ಆಗ ಷರತ್ತು ಪಾಲನೆಯಾಗದಿರುವುದು ಅತ್ತ ಇರಲಿ, ಕಂತು ಕಟ್ಟುವುದಕ್ಕೇ ಎರಡೂವರೆ ಲಕ್ಷ ಕಡಮೆ ಬೀಳುತ್ತದೆ. ಮಳೆ ತಪ್ಪಿದ ವರ್ಷ ಜೋಳದ ಬೆಲೆ ಏರಿದರೆ ಇನ್ನೆಷ್ಟು ಎಂಬುದನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಪ್ರವರ್ತಕರು ಹಣ ತರುವೆವೆಂದು ಬರೆದುಕೊಟ್ಟಿದ್ದರೆ, ಆ ಹಣ ಅವರಲ್ಲಿದೆಯೆ, ಬೇರೆ ಸಾಲಕ್ಕೆ ಅಡವಾಗಿಲ್ಲವೆ ಎಂಬುದನ್ನು ಅವರ ಪಾಸ್‌ಬುಕ್ಕು, ಠೇವಣಿ ರಸೀದಿಗಳನ್ನು ನೋಡಿ ನಿಶ್ಚಯಿಸಬೇಕೇ ಹೊರತು ಸಹಿಯನ್ನು ನೋಡಿ ಅಲ್ಲ.

ಇಂಥ ಪರೀಕ್ಷೆಗೆ ಕಿಂಗ್‌ಫಿಷರ್‌ನ ಯೋಜನೆ ನಿಲ್ಲುತ್ತಿತ್ತೆ ಎಂಬುದನ್ನು ನಂತರದ ಘಟನೆಗಳಿಂದ ತೀರ್ಮಾನಿಸುವುದು ನ್ಯಾಯವಲ್ಲ. 2012ರ ಜನವರಿಯಲ್ಲಿ ಸ್ಟೇಟ್ ಬ್ಯಾಂಕು ಈ ಸಾಲವನ್ನು ಅನುತ್ಪಾದಕವೆಂದು ವರ್ಗೀಕರಿಸಿತು. ಅದೇ ವರ್ಷದ ಅಕ್ಟೋಬರ್ 20ರಂದು ವಿಮಾನಯಾನ ಮಹಾನಿರ್ದೇಶನಾಲಯವು ಹಾರಾಟದ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. 2016ರ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಸಮಾಪನೆಗೆ ಆಜ್ಞೆ ಮಾಡಿತು. 2011ರ ಮಾರ್ಚ್‌ನಿಂದ ಎಣಿಸಿದರೆ ಹಾರಾಟ ನಿಂತುದು ಹನ್ನೆರಡು ತಿಂಗಳ ಆಚೆಗೆ; ಮಾನದಂಡದ ಅಕ್ಷರಾರ್ಥದಲ್ಲಿ ಗೃಹೀತವು ನಿಜವೇ ಆಯಿತು!

ಅಂತರರಾಷ್ಟ್ರೀಯ ಮಾನದಂಡದ 2024ರ ಪರಿಷ್ಕರಣವು ಅವಧಿಯನ್ನು ಲೆಕ್ಕಪತ್ರಗಳಿಗೆ ಒಪ್ಪಿಗೆ ದೊರೆತ ದಿನದಿಂದ ಎಣಿಸಬೇಕೆನ್ನುತ್ತದೆ. ಆದರೆ ಈ ಲೆಕ್ಕಪತ್ರಗಳು 2011ರ ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಗೆ ಮುನ್ನವೇ ಅಂಗೀಕೃತವಾಗಿದ್ದುದರಿಂದ, ಹೊಸ ನಿಯಮದ ಹನ್ನೆರಡು ತಿಂಗಳೂ 2012ರ ಅಕ್ಟೋಬರನ್ನು ಮುಟ್ಟುತ್ತಿರಲಿಲ್ಲ. ಅವಧಿಯನ್ನು ಹಿಗ್ಗಿಸುವುದು ಮದ್ದೋ, ಸಹನೆಯ ಪತ್ರಕ್ಕೆ ಕೊಡುವ ತೂಕವನ್ನು ತಗ್ಗಿಸುವುದು ಮದ್ದೋ ಎಂಬುದನ್ನು ಈ ಒಂದು ಪ್ರಸಂಗದಿಂದ ಇತ್ಯರ್ಥಪಡಿಸಲಾಗದು. ಸಾಲ ಮರುರಚನೆಯಾಗಿಯೂ ಉಳಿದುಕೊಂಡ ಕಂಪನಿಗಳ ವರದಿಗಳನ್ನು, ಮುಳುಗಿದವುಗಳ ವರದಿಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಇನ್ನೂ ಆಗಬೇಕಾಗಿದೆ.