ಧನ ಯಾವುದು, ಋಣ ಯಾವುದು: ಮಸೂರ–ದರ್ಪಣಗಳ ಚಿಹ್ನಾ ನಿಯಮ ನಡೆದುಬಂದ ದಾರಿ

ಹತ್ತನೆಯ ತರಗತಿಯ ಬೆಳಕಿನ ಪಾಠದಲ್ಲಿ ಎರಡು ಸೂತ್ರಗಳು ಬರುತ್ತವೆ. ದರ್ಪಣಕ್ಕೆ 1/v + 1/u = 1/f, ಮಸೂರಕ್ಕೆ 1/v − 1/u = 1/f. ಪಾಠ ಮಾಡುವವರು ಇವೆರಡನ್ನೂ ಒಂದೇ ಸ್ಲೈಡಿನಲ್ಲಿ ಅಕ್ಕಪಕ್ಕ ಇಟ್ಟು, ಮೇಲೆ ಕಿರಣಚಿತ್ರವನ್ನೂ ಕೆಳಗೆ ನಾಲ್ಕೈದು ಚಿಹ್ನಾ ನಿಯಮಗಳನ್ನೂ ಜೋಡಿಸುವುದು ವಾಡಿಕೆ. ಒಂದರಲ್ಲಿ ಕೂಡುವ ಚಿಹ್ನೆ, ಇನ್ನೊಂದರಲ್ಲಿ ಕಳೆಯುವ ಚಿಹ್ನೆ ಏಕೆ ಎಂದು ಮಕ್ಕಳು ಕೇಳಿದರೆ ಉತ್ತರದ ಅರ್ಧ ಭಾಗ ಬೆಳಕಿನ ನಡೆಯಲ್ಲಿದೆ: ಮಸೂರವನ್ನು ದಾಟಿದ ಬೆಳಕು ಮುಂದೆ ಹೋಗುತ್ತದೆ, ದರ್ಪಣಕ್ಕೆ ಬಿದ್ದ ಬೆಳಕು ಹಿಂದಕ್ಕೆ ತಿರುಗುತ್ತದೆ. ಇನ್ನರ್ಧ ಇತಿಹಾಸದಲ್ಲಿದೆ. ಚಿಹ್ನೆಗಳು ಹುಟ್ಟಿದ್ದು ಹಲವು ಚಿತ್ರಗಳ ಕೆಲಸವನ್ನು ಒಂದು ಸೂತ್ರಕ್ಕೆ ವಹಿಸಲು. ಹಾಗೆ ವಹಿಸುವುದಕ್ಕೆ ಎರಡು ಬೇರೆ ಬೇರೆ ದಾರಿಗಳು ಬೆಳೆದವು. ತರಗತಿಯಲ್ಲಿ ಕಾಣುವ ಬಹುಪಾಲು ಗೊಂದಲ ಆ ಎರಡು ದಾರಿಗಳನ್ನು ಅರಿಯದೆ ಬೆರೆಸಿದ್ದರ ಫಲ ಎಂಬುದು ಈ ಲೇಖನದ ವಾದ.

1. ಸಂದರ್ಭಕ್ಕೊಂದು ಚಿತ್ರ

ಯೊಹಾನೆಸ್ ಕೆಪ್ಲರ್ 1611ರಲ್ಲಿ ಪ್ರಕಟಿಸಿದ 'ಡಯಾಪ್ಟ್ರಿಸ್' ಮಸೂರಗಳ ಸಿದ್ಧಾಂತಕ್ಕೆ ಬುನಾದಿ ಹಾಕಿದ ಗ್ರಂಥ. ವಕ್ರೀಭವನದ ನಿಖರ ನಿಯಮ ಆಗ ಅವನ ಕೈಯಲ್ಲಿರಲಿಲ್ಲ. ಪತನ ಕೋನ ಸುಮಾರು 30 ಡಿಗ್ರಿಯೊಳಗಿದ್ದರೆ ಗಾಜಿನಲ್ಲಿ ಕಿರಣ ಬಾಗುವ ಪ್ರಮಾಣ ಆ ಕೋನದ ಮೂರನೆಯ ಒಂದು ಭಾಗ ಎಂಬ ಅಂದಾಜನ್ನೇ ಹಿಡಿದು ಅವನು ಮುಂದೆ ಸಾಗಿದ. ಎರಡೂ ಬದಿ ಸಮನಾಗಿ ಉಬ್ಬಿದ ಮಸೂರ ಸಮಾಂತರ ಕಿರಣಗಳನ್ನು ಸರಿಸುಮಾರು ತನ್ನ ವಕ್ರತಾ ತ್ರಿಜ್ಯದಷ್ಟು ದೂರದಲ್ಲಿ ಕೂಡಿಸುತ್ತದೆ, ಒಂದು ಬದಿ ಚಪ್ಪಟೆಯಾಗಿದ್ದರೆ ವ್ಯಾಸದಷ್ಟು ದೂರದಲ್ಲಿ ಕೂಡಿಸುತ್ತದೆ ಎಂಬ ಫಲಿತಾಂಶಗಳು ಹೀಗೆ ದೊರೆತವು.

ಇಲ್ಲಿ ಗಮನಿಸಬೇಕಾದದ್ದು ಕೆಲಸದ ರೀತಿ. ಉಬ್ಬು ಮಸೂರಕ್ಕೆ ಒಂದು ಚಿತ್ರ ಮತ್ತು ಸಾಧನೆ, ತಗ್ಗು ಮಸೂರಕ್ಕೆ ಇನ್ನೊಂದು. ಹರಡುತ್ತ ಬರುವ ಕಿರಣಗಳು, ಕೂಡುತ್ತ ಬರುವ ಕಿರಣಗಳು, ಸಮಾಂತರ ಕಿರಣಗಳು ಎಲ್ಲವೂ ಬೇರೆ ಬೇರೆ ಪ್ರಕರಣಗಳು. 1647ರಲ್ಲಿ ಕವಲಿಯೇರಿ ತ್ರಿಜ್ಯಗಳು ಅಸಮವಾಗಿರುವ ಮಸೂರಗಳಿಗೂ ಸಂಗಮ ದೂರದ ನಿಯಮ ಕೊಟ್ಟ. 1669ರಲ್ಲಿ ಅಚ್ಚಾದ ಐಸಾಕ್ ಬ್ಯಾರೋ ಅವರ ಉಪನ್ಯಾಸಗಳು ಈ ರೇಖಾಗಣಿತವನ್ನು ಇನ್ನಷ್ಟು ಆಳಕ್ಕೆ ಒಯ್ದವು. ಆದರೂ ಸಂದರ್ಭ ಬದಲಾದಂತೆ ಹೊಸ ಚಿತ್ರ ಬರೆಯುವ ಪದ್ಧತಿ ತಪ್ಪಲಿಲ್ಲ. ಬಿಂದು ಯಾವ ಕಡೆ ಬೀಳುತ್ತದೆ ಎಂಬುದನ್ನು ಚಿತ್ರವೇ ತೋರಿಸುತ್ತಿದ್ದುದರಿಂದ ಉದ್ದಗಳಿಗೆ ಚಿಹ್ನೆ ಬೇಕಾಗಿರಲಿಲ್ಲ. ಎಲ್ಲ ಉದ್ದವೂ ಬರೀ ಉದ್ದವಾಗಿತ್ತು.

2. 1693: ಹ್ಯಾಲಿಯ ಒಂದೇ ಸೂತ್ರ

ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದ. ಆಧುನಿಕ ಬೀಜಗಣಿತದ ಹಿರಿಮೆಗೆ ಒಂದು ನಿದರ್ಶನ ಎಂದೇ ಅದರ ಶೀರ್ಷಿಕೆ ಶುರುವಾಗುತ್ತದೆ. ಅದರಲ್ಲಿ ಅವನು ಮುಂದಿಟ್ಟ ಸೂತ್ರ ಇದು:

f = p·d·r·ρ / (d·r + d·ρ − p·r·ρ)

ಇಲ್ಲಿ d ಎಂದರೆ ಮಸೂರದಿಂದ ವಸ್ತುವಿಗಿರುವ ದೂರ. r ಮತ್ತು ρ ಎರಡು ಮೈಗಳ ತ್ರಿಜ್ಯಗಳು. p ಗಾಜಿನ ವಕ್ರೀಭವನದಿಂದ ಬರುವ ಸಂಖ್ಯೆ, 3:2 ಅನುಪಾತದ ಗಾಜಿಗೆ ಅದು 2. ಒಂದು ಎಚ್ಚರ: ಹ್ಯಾಲಿಯ f ನಮ್ಮ ಸಂಗಮ ದೂರವಲ್ಲ. ಅದು ಪ್ರತಿಬಿಂಬದ ದೂರ, ಅಂದರೆ ನಾವು v ಎಂದು ಬರೆಯುವುದು.

ಸೂತ್ರಕ್ಕಿಂತ ಮುಖ್ಯವಾದದ್ದು ಅದನ್ನು ಬಳಸುವ ಬಗೆ. ಮೈ ಉಬ್ಬಿದ್ದರೆ ತ್ರಿಜ್ಯ ಧನ, ತಗ್ಗಿದ್ದರೆ ಋಣ. ಕಿರಣಗಳು ಹರಡುತ್ತ ಬಂದರೆ d ಧನ, ಕೂಡುತ್ತ ಬಂದರೆ ಋಣ. ಉತ್ತರ ಧನವಾಗಿ ಬಂದರೆ ಕಿರಣಗಳು ಮಸೂರದಾಚೆ ನಿಜವಾಗಿ ಕೂಡುತ್ತವೆ. ಋಣವಾಗಿ ಬಂದರೆ ವಸ್ತುವಿನ ಕಡೆಯೇ ಇರುವ ಬಿಂದುವಿನಿಂದ ಹೊರಟಂತೆ ಹರಡುತ್ತವೆ.

ಎರಡೂ ಮೈಯ ತ್ರಿಜ್ಯ 20 ಸೆಂ.ಮೀ. ಇರುವ ಪೀನ ಮಸೂರವನ್ನು ತೆಗೆದುಕೊಳ್ಳೋಣ. ವಸ್ತು 60 ಸೆಂ.ಮೀ. ದೂರದಲ್ಲಿದ್ದರೆ ಮೇಲಿನ ಭಾಗ 48000, ಕೆಳಗಿನದು 1200 + 1200 − 800 = 1600; ಉತ್ತರ +30. ಅದೇ ವಸ್ತುವನ್ನು 10 ಸೆಂ.ಮೀ.ಗೆ ತಂದರೆ ಮೇಲೆ 8000, ಕೆಳಗೆ 200 + 200 − 800 = −400; ಉತ್ತರ −20. ಹಿಂದೆ ಎರಡು ಚಿತ್ರ, ಎರಡು ಸಾಧನೆ ಬೇಡುತ್ತಿದ್ದ ಸಂದರ್ಭಗಳು ಒಂದೇ ಸೂತ್ರದಲ್ಲಿ ಅಡಕವಾದವು. ವರ್ಧಕ ಮಸೂರದ ಮಿಥ್ಯ ಪ್ರತಿಬಿಂಬ ಇಲ್ಲಿ ಬರೀ ಒಂದು ಋಣ ಚಿಹ್ನೆಯಾಗಿ ಹೊರಬೀಳುತ್ತದೆ.

ಹ್ಯಾಲಿಯ ಚಿಹ್ನೆ ದಿಕ್ಕನ್ನು ಹೇಳುತ್ತಿಲ್ಲ ಎಂಬುದು ಇಲ್ಲಿನ ತಿರುಳು. ವಸ್ತು ಎಡಕ್ಕಿದ್ದರೂ ಅದರ ದೂರ ಧನ, ಪ್ರತಿಬಿಂಬ ಬಲಕ್ಕಿದ್ದರೂ ಅದರ ದೂರ ಧನ. ಬೆಳಕು ನಿಜವಾಗಿ ಆ ಬಿಂದುವಿನಿಂದ ಹೊರಡುತ್ತದೆಯೇ, ಆ ಬಿಂದುವನ್ನು ನಿಜವಾಗಿ ಸೇರುತ್ತದೆಯೇ ಎಂಬುದನ್ನು ಅದು ಹೇಳುತ್ತದೆ. ಸತ್ಯವಾದದ್ದು ಧನ, ಮಿಥ್ಯವಾದದ್ದು ಋಣ ಎಂದು ಮುಂದೆ ಶಾಲೆಗಳಲ್ಲಿ ಬಳಕೆಗೆ ಬಂದ ಪದ್ಧತಿಯ ಹುರುಳು ಇದೇ.

3. ದರ್ಪಣ: ನ್ಯೂಟನ್ನನ ದಾರಿ

1704ರ 'ಆಪ್ಟಿಕ್ಸ್' ಗ್ರಂಥದಲ್ಲಿ ನ್ಯೂಟನ್ ಗೋಳೀಯ ದರ್ಪಣಕ್ಕೆ ಚಿಹ್ನೆಯ ಗೊಡವೆಯೇ ಇಲ್ಲದ ನಿಯಮವೊಂದನ್ನು ಕೊಡುತ್ತಾನೆ. ದರ್ಪಣದ ತ್ರಿಜ್ಯದ ನಡುಬಿಂದು T, ವಕ್ರತಾ ಕೇಂದ್ರ E. ವಸ್ತು Q, ಪ್ರತಿಬಿಂಬ q ಎರಡೂ Tಯ ಒಂದೇ ಪಕ್ಕದಲ್ಲಿರುತ್ತವೆ. TQ, TE, Tq ಎಂಬ ಉದ್ದಗಳು ಅನುಕ್ರಮ ಅನುಪಾತದಲ್ಲಿರುತ್ತವೆ. ಅಂದರೆ TQ × Tq = TE².

ತ್ರಿಜ್ಯ 40 ಸೆಂ.ಮೀ. ಇರುವ ನಿಮ್ನ ದರ್ಪಣದ ಮುಂದೆ 60 ಸೆಂ.ಮೀ.ಯಲ್ಲಿ ವಸ್ತುವಿದೆ ಎನ್ನಿ. TE 20, TQ 40. ಆದ್ದರಿಂದ Tq 10. ಪ್ರತಿಬಿಂಬ ದರ್ಪಣದಿಂದ 30 ಸೆಂ.ಮೀ. ದೂರದಲ್ಲಿ ಬೀಳುತ್ತದೆ. 'ಒಂದೇ ಪಕ್ಕ' ಎಂಬ ಮಾತು ಇಲ್ಲಿ ಚಿಹ್ನೆಯ ಕೆಲಸವನ್ನು ಮಾಡಿದೆ. ಉದ್ದವನ್ನು ದರ್ಪಣದ ಧ್ರುವದಿಂದ ಅಳೆಯದೆ ಸಂಗಮ ಬಿಂದುವಿನಿಂದ ಅಳೆದದ್ದು ಈ ಸರಳತೆಗೆ ಕಾರಣ. ಎಲ್ಲಿಂದ ಅಳೆಯುತ್ತೇವೆ ಎಂಬುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

4. ದಿಕ್ಕನ್ನು ಹಿಡಿದ ಪದ್ಧತಿ

ಎರಡನೆಯ ದಾರಿ ಅಕ್ಷದ ಮೇಲಿನ ನಿರ್ದೇಶಾಂಕಗಳದ್ದು. ಗೌಸ್ 1841ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಲವು ಮೈಗಳಿರುವ ಮಸೂರ ವ್ಯವಸ್ಥೆಗಳನ್ನು ಹೀಗೆ ಲೆಕ್ಕಹಾಕಿದ. ಒಂದು ಮೈ ಕೊಟ್ಟ ಪ್ರತಿಬಿಂಬವೇ ಮುಂದಿನ ಮೈಗೆ ವಸ್ತು. ಅದು ಸತ್ಯವೋ ಮಿಥ್ಯವೋ ಎಂದು ಪ್ರತಿ ಹೆಜ್ಜೆಯಲ್ಲೂ ನಿಂತು ಯೋಚಿಸಬೇಕಿಲ್ಲ. ಅಕ್ಷದ ಮೇಲೆ ಅದರ ಸ್ಥಾನ ತಿಳಿದರೆ ಸಾಕು.

ಆದರೆ ಯಾವ ದಿಕ್ಕು ಧನ? ಹತ್ತೊಂಬತ್ತನೆಯ ಶತಮಾನದ ಹಲವು ಇಂಗ್ಲಿಷ್ ಪಠ್ಯಗಳು ಬರುವ ಬೆಳಕಿಗೆ ಎದುರಾದ ದಿಕ್ಕನ್ನು ಧನವೆಂದು ಹಿಡಿದವು. ಆಗ ವಸ್ತುವಿನ ದೂರ ಧನವಾಯಿತು, ಆದರೆ ಪೀನ ಮಸೂರದ ಸಂಗಮ ದೂರ ಋಣವಾಯಿತು. ಇತ್ತ 1872ರಲ್ಲಿ ಫ್ರಾನ್ಸಿನ ನೇತ್ರವೈದ್ಯ ಮೊನೊಯೇ ಡಯಾಪ್ಟರ್ ಎಂಬ ಮಾನವನ್ನು ಸೂಚಿಸಿದ. ಕನ್ನಡಕದವರ ಬಳಕೆಯಲ್ಲಿ ಪೀನ ಮಸೂರಕ್ಕೆ ಪ್ಲಸ್ ಎಂಬುದೇ ನೆಲೆಯಾಯಿತು. ಅಂಗಡಿಯಲ್ಲಿ +2 ಎನ್ನುವ ಓದುವ ಕನ್ನಡಕ ಆ ಪುಸ್ತಕಗಳ ಲೆಕ್ಕದಲ್ಲಿ −50 ಸೆಂ.ಮೀ. ಆಗುತ್ತಿತ್ತು.

ಲಂಡನ್ನಿನ ಫಿಸಿಕಲ್ ಸೊಸೈಟಿ ಈ ಪಾಠದ ಬೋಧನೆಯ ಬಗ್ಗೆಯೇ 1934ರಲ್ಲಿ ಒಂದು ವರದಿ ತಂದಿತು. ನಮ್ಮ ಪಠ್ಯಗಳು ಈಗ ಅನುಸರಿಸುವ ಹೊಸ ಕಾರ್ಟಿಸಿಯನ್ ಪದ್ಧತಿ ಬರುವ ಬೆಳಕು ಸಾಗುವ ದಿಕ್ಕನ್ನು ಧನವೆಂದು ಹಿಡಿಯುತ್ತದೆ. ಪೀನ ಮಸೂರದ ಸಂಗಮ ದೂರ ಧನವಾಗಿ ಕನ್ನಡಕದಂಗಡಿಯ ಪ್ಲಸ್‌ಗೆ ಹೊಂದಿಕೊಂಡಿತು. ಆದರೆ ವಸ್ತು ಎಡಕ್ಕಿರುವುದರಿಂದ u ಋಣವಾಯಿತು. ಬೆಳಕನ್ನು ಹಿಂದಿರುಗಿಸುವ ದರ್ಪಣಕ್ಕೆ ಸೂತ್ರವೂ ಬೇರೆಯಾಯಿತು. ಸತ್ಯ-ಮಿಥ್ಯ ಪದ್ಧತಿಯಲ್ಲಾದರೆ 1/v + 1/u = 1/f ಎಂಬ ಒಂದೇ ಸೂತ್ರ ಎರಡಕ್ಕೂ ಸಾಕು.

5. ಸ್ಲೈಡಿನ ಮೇಲೆ ಒಂದು ಲೆಕ್ಕ

ಹೊಸ ಕಾರ್ಟಿಸಿಯನ್ ಪದ್ಧತಿಯಲ್ಲಿ ಹಿಂದಿನ ಉದಾಹರಣೆಗಳನ್ನೇ ನೋಡೋಣ. ಮಸೂರ: u = −60, f = +20; 1/v = 1/20 − 1/60, v = +30. ದರ್ಪಣ: u = −60, f = −20; 1/v = −1/20 + 1/60, v = −30. ಎರಡೂ ಸತ್ಯ ಪ್ರತಿಬಿಂಬಗಳೇ, ಚಿಹ್ನೆ ಮಾತ್ರ ಬೇರೆ. ಅದೇ ಮಸೂರಕ್ಕೆ ವಸ್ತು 10 ಸೆಂ.ಮೀ.ಯಲ್ಲಿದ್ದರೆ v = −20, ಅದು ಮಿಥ್ಯ. 'v ಋಣವಾದರೆ ಮಿಥ್ಯ' ಎಂದು ಸ್ಲೈಡಿನಲ್ಲಿ ಬರೆದರೆ ಅದು ಮಸೂರಕ್ಕೆ ಸರಿ, ದರ್ಪಣಕ್ಕೆ ತಪ್ಪು. ಹ್ಯಾಲಿಯ ಪದ್ಧತಿಗೆ ಸೇರಿದ ಮಾತನ್ನು ಇಲ್ಲಿಗೆ ತಂದು ಕೂರಿಸಿದಂತಾಯಿತು.

ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. ಮಸೂರದ ಸೂತ್ರದಲ್ಲಿ ಈಗಾಗಲೇ ಕಳೆಯುವ ಚಿಹ್ನೆ ಇದೆಯೆಂದು ನಂಬಿ u = 60 ಎಂದೇ ಹಾಕಿದರೆ 1/v = 1/20 + 1/60 ಆಗಿ v = 15 ಬರುತ್ತದೆ. ಈ ತಪ್ಪನ್ನು ಹಿಡಿದುಕೊಡುವುದು ಕಿರಣಚಿತ್ರ. ವಸ್ತು 2Fಗಿಂತ ಆಚೆ ಇದ್ದರೆ ಪ್ರತಿಬಿಂಬ F ಮತ್ತು 2F ನಡುವೆ, ಅಂದರೆ 20ರಿಂದ 40 ಸೆಂ.ಮೀ. ಒಳಗೆ ಇರಬೇಕು, 15 ಅಲ್ಲಿಗೆ ಸಲ್ಲುವುದಿಲ್ಲ. ಆದ್ದರಿಂದ ಸೂತ್ರವನ್ನು ಅಕ್ಷರಗಳಲ್ಲಿದ್ದಂತೆಯೇ ಇರಿಸಿ, ಚಿಹ್ನೆಯನ್ನು ಸಂಖ್ಯೆಯ ಜೊತೆಗೆ ಒಮ್ಮೆ ಮಾತ್ರ ಹಾಕಬೇಕು. ಗೊತ್ತಿಲ್ಲದ ಪರಿಮಾಣಕ್ಕೆ ಮುಂಚಿತವಾಗಿ ಚಿಹ್ನೆ ಕೊಡಬಾರದು. ಅದನ್ನು ಲೆಕ್ಕವೇ ಹೇಳುತ್ತದೆ.

6. ಚಿತ್ರಕ್ಕೂ ಒಂದು ಮಿತಿ

ಸೂತ್ರವನ್ನು ಪರೀಕ್ಷಿಸುವ ಚಿತ್ರವನ್ನೂ ಸರಿಯಾಗಿ ಬರೆಯಬೇಕು. ತ್ರಿಜ್ಯ 40 ಸೆಂ.ಮೀ. ಇರುವ ನಿಮ್ನ ದರ್ಪಣವನ್ನು ಆಳವಾದ ಕಮಾನಿನಂತೆ ಬರೆದು, ಅಕ್ಷದಿಂದ 20 ಸೆಂ.ಮೀ. ಎತ್ತರದಲ್ಲಿ ಸಮಾಂತರ ಕಿರಣವೊಂದನ್ನು ಎಳೆಯಿರಿ. ಪತನ ಕೋನ 30 ಡಿಗ್ರಿ. ಪ್ರತಿಫಲನ ನಿಯಮದಂತೆ ಕಿರಣ ಅಕ್ಷವನ್ನು ದಾಟುವುದು ಧ್ರುವದಿಂದ ಸುಮಾರು 16.9 ಸೆಂ.ಮೀ. ದೂರದಲ್ಲಿ, 20ರಲ್ಲಿ ಅಲ್ಲ. ಸೂತ್ರಗಳು ಅಕ್ಷಕ್ಕೆ ಹತ್ತಿರದ, ಕಡಿಮೆ ಕೋನದ ಕಿರಣಗಳಿಗೆ ಮಾತ್ರ ಸಲ್ಲುತ್ತವೆ. ಕೆಪ್ಲರ್ ತನ್ನ ಅಂದಾಜಿಗೆ ಗಡಿ ಹಾಕಿಕೊಂಡಿದ್ದಂತೆ ಇವಕ್ಕೂ ಗಡಿಯಿದೆ. ಕಮಾನಿನ ಮೇಲೆ ಬರೆದ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡದಿದ್ದಾಗ ಮಕ್ಕಳು ಸ್ಕೇಲನ್ನು ವಾರೆ ಮಾಡಿ ಕೂಡಿಸುತ್ತಾರೆ. ದರ್ಪಣವನ್ನೂ ಮಸೂರವನ್ನೂ ಅಕ್ಷಕ್ಕೆ ಲಂಬವಾದ ನೇರ ಗೆರೆಯಾಗಿ ಬರೆದು ಅಲ್ಲಿಯೇ ಕಿರಣ ತಿರುಗಿಸಿದರೆ ಈ ತೊಡಕು ಇಲ್ಲ. ಎತ್ತರದ ಅಳತೆಯನ್ನು ಎಷ್ಟು ಹಿಗ್ಗಿಸಿದರೂ ಪ್ರತಿಬಿಂಬದ ಸ್ಥಾನ ಕದಲುವುದಿಲ್ಲ.

7. ಸಮಾರೋಪ

ಚಿಹ್ನಾ ನಿಯಮವು ಪ್ರಕೃತಿಯ ನಿಯಮವಲ್ಲ, ಲೆಕ್ಕದ ಒಪ್ಪಂದ. ಒಪ್ಪಂದ ಯಾವುದೆಂದು ಹೇಳದ ಸೂತ್ರ ಅರೆಬರೆ ಸೂತ್ರ. ಆದ್ದರಿಂದ ಸ್ಲೈಡಿನ ಕಿರಣಚಿತ್ರದ ಮೇಲೆಯೇ ಮೂರು ಗುರುತುಗಳಿರಬೇಕು: ಅಳತೆ ಶುರುವಾಗುವ ಬಿಂದು, ಬೆಳಕು ಬರುವ ದಿಕ್ಕಿನ ಬಾಣ, ಧನ ದಿಕ್ಕಿನ ಬಾಣ. ಮಸೂರಕ್ಕೂ ದರ್ಪಣಕ್ಕೂ ಪ್ರತ್ಯೇಕ ನಿಯಮಪಟ್ಟಿ ಆಗ ಬೇಕಾಗುವುದಿಲ್ಲ. 'ಸತ್ಯ', 'ಮಿಥ್ಯ' ಎಂಬುದನ್ನು ಚಿಹ್ನೆಯಿಂದಲ್ಲ, ತಿರುಗಿದ ಮೇಲೆ ಬೆಳಕು ಇರುವ ಕಡೆಯೇ ಪ್ರತಿಬಿಂಬವೂ ಇದೆಯೇ ಎಂದು ಚಿತ್ರದಲ್ಲಿ ನೋಡಿ ತೀರ್ಮಾನಿಸಬಹುದು. ಹ್ಯಾಲಿ ಚಿಹ್ನೆಗೆ ವಹಿಸಿದ್ದ ಆ ಒಂದು ಕೆಲಸ ಕಾರ್ಟಿಸಿಯನ್ ಪದ್ಧತಿಯಲ್ಲಿ ಮತ್ತೆ ಚಿತ್ರದ ಪಾಲಿಗೆ ಬಂದಿದೆ. ಈ ಹಂಚಿಕೆಯನ್ನು ಮಕ್ಕಳಿಗೆ ಬಿಡಿಸಿ ಹೇಳಿದರೆ ಸೂತ್ರದ ಪ್ಲಸ್–ಮೈನಸ್‌ಗಳನ್ನು ಅವರು ಬಾಯಿಪಾಠ ಮಾಡಬೇಕಾದ ಅಗತ್ಯ ಉಳಿಯುವುದಿಲ್ಲ.